ನಗೆ ನೆನಪಿದೆ, ಸರಕು ಯಾವುದು? ತಮಾಷೆಯ ಜಾಹೀರಾತು ಗೆಲ್ಲುವುದೆಲ್ಲಿ, ಎಡವುವುದೆಲ್ಲಿ

2025ರ ಅಕ್ಟೋಬರ್ 24ರಂದು ಪಿಯೂಷ್ ಪಾಂಡೆ ತೀರಿಕೊಂಡರು. ಜಾಹೀರಾತು ಲೋಕದ ಹೊರಗಿನ ಎಷ್ಟೋ ಜನರಿಗೆ ಅವರ ಹೆಸರು ಗೊತ್ತಿರಲಿಲ್ಲ. ಆದರೆ ಅವರ ತಂಡ ಮಾಡಿದ ಜಾಹೀರಾತುಗಳು ಗೊತ್ತಿದ್ದವು. ಒಡೆಯದ ಮೊಟ್ಟೆ, ಜನ ಕಿಕ್ಕಿರಿದು ಅಂಟಿಕೊಂಡಿದ್ದ ಬಸ್ಸು, ಎಲ್ಲ ಮತ್ತೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಇಪ್ಪತ್ತು ವರ್ಷಕ್ಕಿಂತ ಹಳೆಯ ಜಾಹೀರಾತು ನೋಡಿ ಜನ ನಕ್ಕರು. ಅದು ಫೆವಿಕಾಲ್ ಜಾಹೀರಾತು ಎಂದು ಯಾರಿಗೂ ನೆನಪು ಮಾಡಿಕೊಡಬೇಕಾಗಲಿಲ್ಲ.

ಈಗ ಹುಬ್ಬಳ್ಳಿಯ ಕಡೆ ನೋಡೋಣ. ಕೊಪ್ಪೀಕರ ರಸ್ತೆಯ ಬಟ್ಟೆ ಅಂಗಡಿಯಿಂದ ಹಿಡಿದು ಧಾರವಾಡದ ಕೋಚಿಂಗ್ ಕ್ಲಾಸಿನವರೆಗೆ ಎಲ್ಲರೂ ಈಗ ಹಾಸ್ಯದ ರೀಲ್ಸ್ ಮಾಡಿಸುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ನಗಿಸುವ ಹುಡುಗರಿಗೆ ಕೈತುಂಬ ಕೆಲಸ. ರೀಲ್ಸ್ ಚೆನ್ನಾಗಿ ಓಡುತ್ತವೆ, ಮದುವೆ ಮನೆಯಲ್ಲಿ ಜನ ಅದರ ಡೈಲಾಗ್ ಹೇಳಿ ನಗುತ್ತಾರೆ. ಆದರೆ ಅದು ಯಾವ ಅಂಗಡಿಯದ್ದು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಅಂಗಡಿಯವರಿಗೂ ಗೊಂದಲ: ಇಷ್ಟು ಜನ ನೋಡಿದ್ದಾರೆ, ಗಲ್ಲೆಯಲ್ಲಿ ಯಾಕೆ ಏನೂ ಕಾಣುತ್ತಿಲ್ಲ?

ಎರಡೂ ಕಡೆ ಇರುವುದು ನಗೆಯೇ. ಒಂದು ಕಡೆ ನಗೆಯ ಜೊತೆ ಹೆಸರೂ ಉಳಿಯಿತು, ಇನ್ನೊಂದು ಕಡೆ ನಗೆ ಮಾತ್ರ ಉಳಿಯಿತು. ಇದು ಅದೃಷ್ಟದ ಮಾತಲ್ಲ. ನಮ್ಮ ನೆನಪು ತಮಾಷೆಯನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂದು ನೋಡಿದರೆ ಎರಡಕ್ಕೂ ಕಾರಣ ಸಿಗುತ್ತದೆ.

ತಮಾಷೆ ತಲೆಯಲ್ಲಿ ಕೂರುವುದು ಹೇಗೆ

ಬಹಳಷ್ಟು ತಮಾಷೆಗಳಲ್ಲಿ ಎರಡು ಹೆಜ್ಜೆ ಇರುತ್ತವೆ. ಮೊದಲು ಏನೋ ಒಂದು ತಾಳೆಯಾಗುವುದಿಲ್ಲ. ಹೋಟೆಲಿನ ಅಡುಗೆಯವ ಮೊಟ್ಟೆ ಕುಟ್ಟುತ್ತಾನೆ, ಒಡೆಯುವುದಿಲ್ಲ. ಮತ್ತೆ ಕುಟ್ಟುತ್ತಾನೆ, ಆಗಲೂ ಇಲ್ಲ. ನೋಡುವವರ ಮನಸ್ಸು ಅಲ್ಲಿ ತಡೆದು ನಿಲ್ಲುತ್ತದೆ. ಯಾಕೆ ಹೀಗೆ? ಎರಡನೇ ಹೆಜ್ಜೆಯಲ್ಲಿ ಉತ್ತರ ಸಿಗುತ್ತದೆ: ಆ ಕೋಳಿ ತಿನ್ನುತ್ತಿರುವುದು ಫೆವಿಕಾಲ್ ಡಬ್ಬಿಯಿಂದ. ಗಂಟು ಬಿಚ್ಚಿದ ಆ ಕ್ಷಣದಲ್ಲಿ ನಗು ಬರುತ್ತದೆ.

ನೆನಪಿನ ಕೆಲಸ ನಡೆಯುವುದು ಈ ಎರಡು ಹೆಜ್ಜೆಗಳ ನಡುವೆ. ಸುಮ್ಮನೆ ಕಿವಿಗೆ ಬಿದ್ದ ಮಾತಿಗೆ ಮನಸ್ಸು ಶ್ರಮ ಪಡುವುದಿಲ್ಲ. ತಾಳೆಯಾಗದ ಸಂಗತಿ ಕಂಡರೆ ಹಿಂದಿನದನ್ನು ಮುಂದಿನದಕ್ಕೆ ಜೋಡಿಸಿ ನೋಡುತ್ತದೆ. ಹಾಗೆ ತಾನೇ ದುಡಿದು ಜೋಡಿಸಿಕೊಂಡದ್ದು ಗಟ್ಟಿಯಾಗಿ ಉಳಿಯುತ್ತದೆ. ಮೇಲಿಂದ ಅದು ಖುಷಿ ಕೊಟ್ಟಿರುತ್ತದೆ. ಖುಷಿ ಕೊಟ್ಟಿದ್ದನ್ನು ನಾವು ಇನ್ನೊಬ್ಬರಿಗೆ ಹೇಳುತ್ತೇವೆ, ಹೇಳಿದಷ್ಟು ಸಲ ನೆನಪು ಇನ್ನಷ್ಟು ಬಲವಾಗುತ್ತದೆ.

ಆದರೆ ಇಲ್ಲೊಂದು ಷರತ್ತಿದೆ. 1994ರಲ್ಲಿ ಮನಶ್ಶಾಸ್ತ್ರಜ್ಞ ಸ್ಟೀಫನ್ ಶ್ಮಿಟ್ ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ಜನರಿಗೆ ವಾಕ್ಯಗಳ ಪಟ್ಟಿ ಕೊಟ್ಟು, ಆಮೇಲೆ ಯಾವುವು ನೆನಪಿವೆ ಎಂದು ಕೇಳಿದರು. ತಮಾಷೆಯ ವಾಕ್ಯ ಮತ್ತು ಸಾದಾ ವಾಕ್ಯ ಬೆರೆಸಿದ ಪಟ್ಟಿಯಲ್ಲಿ ತಮಾಷೆಯವು ಜಾಸ್ತಿ ನೆನಪಿದ್ದವು. ಒಂದು ಪಟ್ಟಿ ಪೂರ್ತಿ ತಮಾಷೆ, ಇನ್ನೊಂದು ಪೂರ್ತಿ ಸಾದಾ ಎಂದು ಬೇರೆ ಬೇರೆ ಕೊಟ್ಟಾಗ ಆ ಲಾಭ ಕಾಣಲಿಲ್ಲ. ಬೆರಕೆ ಪಟ್ಟಿಯಲ್ಲಿ ಇನ್ನೊಂದು ಸಂಗತಿಯೂ ಕಂಡಿತು: ತಮಾಷೆಯ ವಾಕ್ಯ ಗಳಿಸಿದ ಜಾಗ ಪಕ್ಕದ ಸಾದಾ ವಾಕ್ಯಗಳು ಕಳೆದುಕೊಂಡ ಜಾಗವಾಗಿತ್ತು.

ಅಂದರೆ ತಮಾಷೆ ಹೊಸ ನೆನಪಿನ ಜಾಗವನ್ನೇನೂ ತಂದುಕೊಡುವುದಿಲ್ಲ. ಇರುವ ಜಾಗದಲ್ಲಿ ತಾನು ಮುಂದೆ ಬಂದು ಕೂರುತ್ತದೆ, ಪಕ್ಕದ್ದನ್ನು ಹಿಂದೆ ತಳ್ಳುತ್ತದೆ. ಬೇರೆಯವರ ಜಾಹೀರಾತು ಹಿಂದೆ ಹೋದರೆ ನಮಗೆ ಲಾಭ. ಆದರೆ ಅದೇ ಜಾಹೀರಾತಿನೊಳಗೆ ತಮಾಷೆಯ ಪಕ್ಕದಲ್ಲಿ ನಮ್ಮ ಹೆಸರೇ ಸಾದಾ ವಾಕ್ಯವಾಗಿ ಕೂತಿದ್ದರೆ?

ಹೆಸರನ್ನು ಹೀರುವ ನಗೆ

ಜಾಹೀರಾತಿನವರು ಇದನ್ನು ರಕ್ತಪಿಶಾಚಿ ಪರಿಣಾಮ ಎನ್ನುತ್ತಾರೆ. ಗಮನ ಸೆಳೆಯಲೆಂದು ತಂದ ಅಂಶವೇ ಸರಕಿನ ರಕ್ತ ಹೀರಿಬಿಡುತ್ತದೆ ಎಂಬ ಅರ್ಥದಲ್ಲಿ. ಮೊದಲಿಗೆ ಈ ಮಾತು ಹೆಚ್ಚು ಕೇಳಿಬಂದದ್ದು ಸಿನಿಮಾ ತಾರೆಯರ ವಿಷಯದಲ್ಲಿ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 4,970 ಜನರ ಮೇಲೆ ಇದನ್ನು ಪರೀಕ್ಷಿಸಿತು. ಒಂದೇ ಜಾಹೀರಾತನ್ನು ಒಮ್ಮೆ ಪ್ರಸಿದ್ಧ ವ್ಯಕ್ತಿಯ ಜೊತೆ, ಇನ್ನೊಮ್ಮೆ ಅಷ್ಟೇ ಅಂದವಾಗಿರುವ ಅಪರಿಚಿತರ ಜೊತೆ ತೋರಿಸಿ, ಬ್ರ್ಯಾಂಡ್ ಹೆಸರು ಎಷ್ಟು ನೆನಪಿದೆ ಎಂದು ಹೋಲಿಸುವುದು ಅದರ ವಿಧಾನ. ವ್ಯಕ್ತಿಗೂ ಬ್ರ್ಯಾಂಡಿಗೂ ನಡುವೆ ಬಲವಾದ ಕೊಂಡಿ ಇದ್ದರೆ ಈ ಅಪಾಯ ತಪ್ಪಿಸಬಹುದು ಎಂಬುದು ಅದರಿಂದ ಸಿಕ್ಕ ಮುಖ್ಯ ಪಾಠ.

ನಗೆಯಲ್ಲೂ ಹಾಗೆಯೇ. ತಮಾಷೆಗೂ ಸರಕಿಗೂ ಸಂಬಂಧವೇ ಇಲ್ಲದಿದ್ದರೆ, ಎರಡನ್ನೂ ಒಂದೇ ಪರದೆಯಲ್ಲಿ ತೋರಿಸಿದ ಮಾತ್ರಕ್ಕೆ ಅವು ಒಟ್ಟಿಗೆ ನೆನಪಾಗುವುದಿಲ್ಲ. 2007ರಲ್ಲಿ ಕ್ಲೈನ್ ಮತ್ತು ಕೆಲ್ಲಾರಿಸ್ ಎಂಬ ಇಬ್ಬರು ಸಂಶೋಧಕರು ತಮಾಷೆಯ ಜೋರನ್ನೂ, ಸರಕಿನ ಜೊತೆ ಅದಕ್ಕಿರುವ ಸಂಬಂಧವನ್ನೂ ಬೇರೆ ಬೇರೆ ಮಾಡಿ ನೋಡಿದರು. ಜೋರಾದ ತಮಾಷೆ, ಅದೂ ಹೇಳಬೇಕಾದ ಮಾತಿಗೆ ಹೊಂದಿಕೊಂಡದ್ದು, ಎರಡೂ ಸೇರಿದಾಗ ನೆನಪು ಚೆನ್ನಾಗಿತ್ತು. ಬರೀ ಜೋರು ಸಾಲದು.

ಇಲ್ಲಿ ಸಾಮಾನ್ಯವಾಗಿ ಆಗುವ ಒಂದು ತಪ್ಪು ತಿಳಿವಳಿಕೆ ಇದೆ. ಹೆಸರು ಮರೆತುಹೋದರೆ ಹೆಸರನ್ನು ದೊಡ್ಡದಾಗಿ ತೋರಿಸಬೇಕು, ಮೂರು ಸಲ ಕೂಗಿ ಹೇಳಬೇಕು ಎಂದು ಅಂಗಡಿಯವರು ಅಂದುಕೊಳ್ಳುತ್ತಾರೆ. ಅದರಿಂದ ಸ್ವಲ್ಪ ಉಪಯೋಗ ಇರಬಹುದು. ಆದರೆ ಮೂಲ ತೊಂದರೆ ಅಕ್ಷರದ ಅಳತೆಯಲ್ಲಿಲ್ಲ. ಕಥೆ ಮುಗಿದು ನಗು ಬಂದಮೇಲೆ ಹೆಸರು ಬಂದರೆ, ನೋಡುವವರ ಮನಸ್ಸಿಗೆ ಅದರ ಅಗತ್ಯವೇ ಇರುವುದಿಲ್ಲ. ಗಂಟು ಆಗಲೇ ಬಿಚ್ಚಿ ಆಗಿದೆ. ಬೆರಳು ಮುಂದಿನ ರೀಲ್‌ಗೆ ಹೋಗಿರುತ್ತದೆ.

ಫೆವಿಕಾಲ್‌ನಲ್ಲಿ ಹೆಸರು ಯಾಕೆ ಉಳಿಯಿತು

ಮೊಟ್ಟೆಯ ಜಾಹೀರಾತಿಗೆ ಮತ್ತೆ ಬರೋಣ. ಅದರಿಂದ ಫೆವಿಕಾಲ್ ಡಬ್ಬಿಯನ್ನು ತೆಗೆದುಬಿಡಿ. ಮೊಟ್ಟೆ ಯಾಕೆ ಒಡೆಯಲಿಲ್ಲ ಎಂಬುದಕ್ಕೆ ಉತ್ತರವೇ ಇಲ್ಲ. ನಗುವೂ ಇಲ್ಲ. ಅಲ್ಲಿ ಸರಕೇ ತಮಾಷೆಯ ಕೀಲಿಕೈ. ಬಸ್ಸಿನ ಜಾಹೀರಾತೂ ಹಾಗೆಯೇ. ಮರುಭೂಮಿಯ ಕೆಟ್ಟ ರಸ್ತೆಯಲ್ಲಿ ಗಾಡಿ ಕುಲುಕುತ್ತಾ ಹೋಗುತ್ತದೆ, ಮೇಲೆ, ಪಕ್ಕ, ಹಿಂದೆ ಎಲ್ಲೆಲ್ಲೂ ಜನ ಜೋತುಬಿದ್ದಿದ್ದಾರೆ, ಒಬ್ಬರೂ ಬೀಳುವುದಿಲ್ಲ. ಗಾಡಿ ಮುಂದೆ ಹೋದಾಗ ಹಿಂಬದಿಯಲ್ಲಿ ಫೆವಿಕಾಲ್ ಫಲಕ ಕಾಣುತ್ತದೆ. ಅಷ್ಟೇ. ಒಂದು ಮಾತಿಲ್ಲ. ಮಾತಿಲ್ಲದ್ದರಿಂದ ಹುಬ್ಬಳ್ಳಿಯವರಿಗೂ ಜೈಸಲ್ಮೇರಿನವರಿಗೂ ಒಂದೇ ಸಲಕ್ಕೆ ಅರ್ಥವಾಯಿತು.

ಇನ್ನೊಂದು ಗಮನಿಸಿ. ಈ ತಮಾಷೆಗಳೆಲ್ಲ ಹೇಳುವುದು ಒಂದೇ ಸಂಗತಿ: ಇದು ಬಿಡದೆ ಅಂಟಿಕೊಳ್ಳುತ್ತದೆ. ಕಥೆ ಬದಲಾಯಿತು, ಊರು ಬದಲಾಯಿತು, ಪಾತ್ರ ಬದಲಾಯಿತು. ಗುಣ ಬದಲಾಗಲಿಲ್ಲ. ಹಾಗಾಗಿ ಪ್ರತಿ ಹೊಸ ನಗೆ ಹಳೆಯ ನೆನಪಿಗೇ ಬಂದು ಸೇರಿತು.

ಇಲ್ಲಿ ಕಾಲದ ಪಾತ್ರವನ್ನೂ ಮರೆಯಬಾರದು. ಫೆವಿಕಾಲ್ 1959ರಿಂದ ಮಾರುಕಟ್ಟೆಯಲ್ಲಿದೆ. ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡಿದ ಅಂಟನ್ನು ಕಾಯಿಸಿ ಹಚ್ಚುತ್ತಿದ್ದ ಬಡಿಗೇರರಿಗೆ, ಕಾಯಿಸದೇ ಹಚ್ಚಬಹುದಾದ ಬಿಳಿ ಅಂಟನ್ನು ಅದು ಮೊದಲು ಒಪ್ಪಿಸಿತು. ನಗಿಸಲು ಶುರುಮಾಡುವ ಹೊತ್ತಿಗೆ ಜನರಿಗೆ ಸರಕು ಗೊತ್ತಿತ್ತು, ಅದರ ಮೇಲೆ ನಂಬಿಕೆಯೂ ಇತ್ತು. 1990ರಲ್ಲಿ ಚಟ್ಟೋಪಾಧ್ಯಾಯ ಮತ್ತು ಬಸು ಎಂಬ ಸಂಶೋಧಕರು ತೋರಿಸಿದ್ದು ಇದನ್ನೇ: ಬ್ರ್ಯಾಂಡಿನ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರ ಮೇಲೆ ತಮಾಷೆಯ ಜಾಹೀರಾತು ಚೆನ್ನಾಗಿ ಕೆಲಸ ಮಾಡುತ್ತದೆ, ಅಭಿಪ್ರಾಯ ಚೆನ್ನಾಗಿಲ್ಲದವರ ಮೇಲೆ ಹಾಗಾಗುವುದಿಲ್ಲ. ಹೊಸ ಅಂಗಡಿಯವರು ಫೆವಿಕಾಲ್ ನೋಡಿ ಅದನ್ನೇ ನಕಲು ಮಾಡುವ ಮೊದಲು ಇದನ್ನು ಯೋಚಿಸಬೇಕು.

ಡೋಲು ಬಾರಿಸುವ ಮೊಲ ಯಾರದು?

ನಗೆ ಗೆದ್ದು ಹೆಸರು ಎಡವಿದ ಪ್ರಸಿದ್ಧ ಪ್ರಕರಣ ಅಮೆರಿಕದ್ದು. ಡ್ಯುರಾಸೆಲ್ ಬ್ಯಾಟರಿ ಕಂಪನಿ 1973ರಲ್ಲೇ ಗುಲಾಬಿ ಬಣ್ಣದ ಆಟಿಕೆ ಮೊಲಗಳನ್ನು ಜಾಹೀರಾತಿನಲ್ಲಿ ತಂದಿತ್ತು. ಎಲ್ಲ ಮೊಲ ನಿಂತರೂ ಡ್ಯುರಾಸೆಲ್ ಹಾಕಿದ ಮೊಲ ಡೋಲು ಬಾರಿಸುತ್ತಲೇ ಇರುತ್ತದೆ. 1980ರ ದಶಕದ ಕೊನೆಯಲ್ಲಿ ಅಲ್ಲಿನ ಎದುರಾಳಿ ಎನರ್ಜೈಸರ್ ಇದನ್ನು ಅಣಕಿಸಿತು. ತನ್ನದೂ ಒಂದು ಗುಲಾಬಿ ಮೊಲ, ಕಪ್ಪು ಕನ್ನಡಕ ಹಾಕಿಕೊಂಡು ದೊಡ್ಡ ಡೋಲು ಬಾರಿಸುತ್ತಾ ಬೇರೆ ಜಾಹೀರಾತುಗಳೊಳಗೆ ನುಗ್ಗುತ್ತದೆ. ಕಾಫಿಯದ್ದೋ ಇನ್ನಾವುದರದ್ದೋ ಸುಳ್ಳು ಜಾಹೀರಾತು ಗಂಭೀರವಾಗಿ ನಡೆಯುತ್ತಿರುವಾಗ ಮೊಲ ನಡುವೆ ಹಾದುಹೋಗುತ್ತದೆ. ಜನ ಬಿದ್ದುಬಿದ್ದು ನಕ್ಕರು.

1990ರಲ್ಲಿ ಅಲ್ಲಿನ ಪತ್ರಿಕೆಗಳಲ್ಲಿ ಒಂದು ಸಮೀಕ್ಷೆಯ ಸುದ್ದಿ ಬಂತು. ಈ ಜಾಹೀರಾತನ್ನು ಅತ್ಯುತ್ತಮ ಎಂದು ಆರಿಸಿದವರಲ್ಲೇ ಶೇ. 40ರಷ್ಟು ಜನ ಅದು ಡ್ಯುರಾಸೆಲ್‌ನದ್ದು ಎಂದಿದ್ದರು. ಮೆಚ್ಚಿದವರ ಕಥೆ ಇದು, ನೋಡದೆ ಬಿಟ್ಟವರದ್ದಲ್ಲ.

ಯಾಕೆ ಹೀಗಾಯಿತು? ತಮಾಷೆಗೂ ಸರಕಿಗೂ ಸಂಬಂಧ ಇತ್ತು. ಬ್ಯಾಟರಿ ನಿಲ್ಲದೆ ಓಡುತ್ತದೆ, ಮೊಲವೂ ನಿಲ್ಲದೆ ಓಡುತ್ತದೆ. ಆದರೆ ಆ ಸಂಬಂಧ ಬ್ಯಾಟರಿ ಎಂಬ ಸರಕಿನ ಜೊತೆ ಇತ್ತು, ಎನರ್ಜೈಸರ್ ಎಂಬ ಹೆಸರಿನ ಜೊತೆ ಇರಲಿಲ್ಲ. ಗುಲಾಬಿ ಮೊಲ ಜನರ ತಲೆಯಲ್ಲಿ ಆಗಲೇ ಇನ್ನೊಬ್ಬರ ಹೆಸರಿನ ಪಕ್ಕ ಕೂತಿತ್ತು. ಹೊಸ ನಗೆ ಹಳೆಯ ಕೊಂಡಿಗೇ ಬಲ ಕೊಟ್ಟಿತು. ಆಮೇಲೆ ಕಂಪನಿ ಮೊಲದ ಚಿತ್ರವನ್ನು ಬ್ಯಾಟರಿಯ ಪೊಟ್ಟಣದ ಮೇಲೆ, ಅಂಗಡಿಯ ಪ್ರದರ್ಶನದಲ್ಲಿ ಹಾಕಿತು. ಮನೆಯಲ್ಲಿ ನಕ್ಕವರಿಗೆ ಅಂಗಡಿಯ ಕಪಾಟಿನ ಮುಂದೆ ನೆನಪಾಗಲಿ ಎಂದು. ಕಾಲ ಕಳೆದಂತೆ ಅಮೆರಿಕದಲ್ಲಿ ಆ ಮೊಲ ಎನರ್ಜೈಸರ್‌ನದ್ದೇ ಆಯಿತು. ನಮ್ಮಲ್ಲಿ ಟಿವಿಯಲ್ಲಿ ಮೊಲ ಕಂಡದ್ದು ಡ್ಯುರಾಸೆಲ್ ಜೊತೆ, ಹಾಗಾಗಿ ಇಲ್ಲಿ ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

ಒಂದು ಖಾರಪುಡಿ, ಎರಡು ರೀಲ್ಸ್

ಈಗ ಇದನ್ನು ನಮ್ಮ ಕಡೆಯ ಒಂದು ಉದಾಹರಣೆಗೆ ಹಚ್ಚಿ ನೋಡೋಣ. ಹಾವೇರಿ ಜಿಲ್ಲೆಯಲ್ಲಿ ಯಾರೋ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಮಾಡಿ ಹೊಸ ಬ್ರ್ಯಾಂಡ್ ಶುರುಮಾಡಿದ್ದಾರೆ ಎಂದು ಇಟ್ಟುಕೊಳ್ಳಿ. ಪೊಟ್ಟಣದ ಮೇಲೆ ನವಿಲಿನ ಚಿತ್ರ. ಮೂವತ್ತು ಸೆಕೆಂಡಿನ ರೀಲ್ಸ್ ಮಾಡಿಸಬೇಕು.

ಮೊದಲನೆಯದು ಹೀಗಿದೆ. ಹಬ್ಬಕ್ಕೆ ಬಂದ ಹೊಸ ಅಳಿಯ ಬಿಗುಮಾನದಿಂದ ಕುರ್ಚಿಯಲ್ಲಿ ಕೂರುತ್ತಾನೆ. ಕುರ್ಚಿ ಮುರಿದು ಬೀಳುತ್ತಾನೆ. ಮಾವ ಎತ್ತಲು ಹೋಗಿ ತಾನೂ ಬೀಳುತ್ತಾನೆ. ಅತ್ತೆ ಬೈಯುತ್ತಾ ಬರುತ್ತಾಳೆ. ಕೊನೆಯ ಮೂರು ಸೆಕೆಂಡಿನಲ್ಲಿ ಪೊಟ್ಟಣ ತೋರಿಸಿ, "ಹಬ್ಬದ ಅಡಗಿಗೆ ನಮ್ಮ ಖಾರಪುಡಿ" ಎಂಬ ಧ್ವನಿ. ನಟರು ಒಳ್ಳೆಯವರಾದರೆ ಇದು ಚೆನ್ನಾಗಿ ಓಡುತ್ತದೆ. ಆದರೆ ಪೊಟ್ಟಣ ತೆಗೆದು ಅಲ್ಲಿ ಕುರ್ಚಿ ಅಂಗಡಿ, ಸೀರೆ ಅಂಗಡಿ, ಮೂಳೆ ಡಾಕ್ಟರು ಯಾರನ್ನು ಇಟ್ಟರೂ ನಗೆಗೆ ಏನೂ ಕಮ್ಮಿಯಾಗುವುದಿಲ್ಲ. ನಿಜ ಹೇಳಬೇಕೆಂದರೆ ಕುರ್ಚಿ ಅಂಗಡಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ!

ಎರಡನೆಯದಕ್ಕೆ ಮೆಣಸಿನಕಾಯಿಯ ಗುಣದಿಂದಲೇ ಶುರುಮಾಡಬೇಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಡಬ್ಬಿ, ಕಡ್ಡಿ ಎಂಬ ಎರಡು ಬಗೆಯಲ್ಲೂ ಅದರ ಹೆಸರುವಾಸಿ ಗುಣ ಒಂದೇ: ಬಣ್ಣ ಕಡುಕೆಂಪು, ಖಾರ ಮಾತ್ರ ಕಡಿಮೆ. ಕಣ್ಣಿಗೆ ಒಂದು, ನಾಲಿಗೆಗೆ ಇನ್ನೊಂದು. ತಾಳೆಯಾಗದ ಸಂಗತಿ ಸರಕಿನೊಳಗೇ ಕೂತಿದೆ, ಹೊರಗಿನಿಂದ ತರಬೇಕಿಲ್ಲ.

ಊಟಕ್ಕೆ ಬೀಗರು ಕೂತಿದ್ದಾರೆ. ತಟ್ಟೆಗೆ ಸಾರು ಬೀಳುತ್ತದೆ, ಪರದೆ ತುಂಬ ಕೆಂಪು. ಬೀಗರು ತುತ್ತು ಬಾಯಿಗಿಡುವ ಮೊದಲೇ ಬೆವರುತ್ತಾರೆ, ವಲ್ಲಿಯಿಂದ ಮುಖ ಒರೆಸಿಕೊಳ್ಳುತ್ತಾರೆ. "ಯಪ್ಪಾ, ಏನ್ ಕೆಂಪ ಐತ್ರಿ ಇದು! ನೀರಿನ ಚರಗಿ ಇಲ್ಲೇ ಇಡ್ರಿ." ಮನೆಯವರು, "ಉಣ್ರಿ ಬೀಗರ, ಏನೂ ಆಗಂಗಿಲ್ಲ." ಕಣ್ಣು ಮುಚ್ಚಿ ಒಂದು ತುತ್ತು. ಎಲ್ಲರೂ ಉಸಿರು ಹಿಡಿದು ನೋಡುತ್ತಾರೆ. ಬೀಗರು ಕಣ್ಣು ತೆರೆದು ಸುಮ್ನೆ ತಟ್ಟೆ ಮುಂದೆ ಚಾಚುತ್ತಾರೆ: "ಇನ್ನೊಂದೀಟು ಹಾಕ್ರಿ." ಇಲ್ಲಿ ನಗು ಬರುವುದೇ ಪುಡಿಯ ಗುಣದಿಂದ. ಕಥೆ ಹೇಳಿದರೆ ಗುಣವನ್ನೂ ಹೇಳಿದಂತೆ.

ಇಷ್ಟಕ್ಕೆ ಗೆದ್ದೆವು ಎಂದುಕೊಂಡರೆ ಮೊಲದ ಕಥೆ ಮರೆತಂತೆ. ಈ ತಮಾಷೆ ಬ್ಯಾಡಗಿ ಮೆಣಸಿನಕಾಯಿಯದ್ದು, ನವಿಲು ಬ್ರ್ಯಾಂಡಿನದ್ದಲ್ಲ. ಬ್ಯಾಡಗಿ ಪುಡಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. ರೀಲ್ಸ್ ನೋಡಿದವರು ಅಂಗಡಿಗೆ ಹೋಗಿ "ಬ್ಯಾಡಗಿ ಪುಡಿ ಕೊಡ್ರಿ" ಎಂದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಎಲ್ಲರಿಗಿಂತ ಹೆಚ್ಚು ಮಾರುವ ಹಳೆಯ ಬ್ರ್ಯಾಂಡಿಗೆ ನಾವು ಪುಕ್ಕಟೆ ಜಾಹೀರಾತು ಮಾಡಿಕೊಟ್ಟ ಹಾಗಾಗುತ್ತದೆ.

ಹಾಗಾಗಿ ನವಿಲು ಕಥೆಯ ಒಳಗೆ ಬರಬೇಕು. ಬೀಗರು ಬೆವರುತ್ತಿರುವಾಗ ಮೂಲೆಯಲ್ಲಿ ಕೂತ ಅಜ್ಜಿ ಕೇಳುತ್ತಾಳೆ: "ಯವ್ವಾ, ನವಿಲಿನ ಪುಡಿ ಹಾಕಿಯೋ, ಬ್ಯಾರೇದ ಹಾಕಿಯೋ?" ಸೊಸೆ ಅಡುಗೆಮನೆಯಿಂದ ಪೊಟ್ಟಣ ಎತ್ತಿ ತೋರಿಸುತ್ತಾಳೆ. ಅಜ್ಜಿ ನಿಶ್ಚಿಂತೆಯಿಂದ, "ಹಂಗಾರ ಉಣ್ಣಲಿ ಬಿಡು." ಈಗ ಬೀಗರ ಗತಿ ಏನಾಗುತ್ತದೆ ಎಂಬ ಕುತೂಹಲವೇ ನವಿಲಿನ ಮೇಲೆ ನಿಂತಿದೆ. ಹೆಸರು ಬಂದದ್ದು ನಗೆಯ ನಂತರ ಅಲ್ಲ, ನಗೆಗೆ ಮುಂಚೆ. ಇನ್ನೊಂದು ಲಾಭವೂ ಇದೆ. ಕಿರಾಣಿ ಅಂಗಡಿಯಲ್ಲಿ ಎಷ್ಟೋ ಗಿರಾಕಿಗಳು ಚಿತ್ರ ಹೇಳಿಯೇ ಸಾಮಾನು ಕೇಳುತ್ತಾರೆ. "ನವಿಲಿನದ್ದ ಕೊಡ್ರಿ" ಎನ್ನುವ ಮಾತನ್ನು ಅಜ್ಜಿ ಅವರ ಬಾಯಿಗೆ ಮೊದಲೇ ಇಟ್ಟಿದ್ದಾಳೆ.

ಹೆಸರು ಮರೆತರೂ ಲಾಭ ಇದೆಯೇ?

ಈ ವಿಷಯದಲ್ಲಿ ಜಾಹೀರಾತಿನವರ ನಡುವೆ ಹಳೆಯ ಜಗಳವಿದೆ. ನೂರು ವರ್ಷದ ಹಿಂದೆ ಅಮೆರಿಕದ ಕ್ಲಾಡ್ ಹಾಪ್ಕಿನ್ಸ್, ಜನ ವಿದೂಷಕರ ಹತ್ತಿರ ಸಾಮಾನು ಕೊಳ್ಳುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದರು. ದುಡ್ಡಿನ ವಿಷಯ ಗಂಭೀರ, ನಗಿಸುವವರನ್ನು ನಂಬುವುದಿಲ್ಲ ಎಂಬುದು ಅವರ ವಾದ. ಡೇವಿಡ್ ಓಗಿಲ್ವಿಯವರಿಗೂ ಮೊದಲು ಹಾಸ್ಯದ ಮೇಲೆ ನಂಬಿಕೆ ಇರಲಿಲ್ಲ, ವಯಸ್ಸಾದಮೇಲೆ ಅಭಿಪ್ರಾಯ ಬದಲಿಸಿಕೊಂಡರು. ಅವರ ಹೆಸರಿನ ಸಂಸ್ಥೆಯಿಂದಲೇ ಫೆವಿಕಾಲ್ ನಗೆ ಬಂತು.

ಹಾಪ್ಕಿನ್ಸ್ ಮಾತು ಪೂರ್ತಿ ಸುಳ್ಳಲ್ಲ. 2009ರಲ್ಲಿ ಮಾರ್ಟಿನ್ ಐಸೆಂಡ್ ಎಂಬ ಜರ್ಮನ್ ಪ್ರಾಧ್ಯಾಪಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಲೆಕ್ಕ ನೋಡಿದರು. ಹಾಸ್ಯದಿಂದ ಗಮನ ಹೆಚ್ಚುತ್ತದೆ, ಜಾಹೀರಾತಿನ ಮೇಲೂ ಬ್ರ್ಯಾಂಡಿನ ಮೇಲೂ ಒಲವು ಹೆಚ್ಚುತ್ತದೆ. ಆದರೆ ಹೇಳುವವರ ಮೇಲಿನ ನಂಬಿಕೆ ಕಡಿಮೆಯಾಗುತ್ತದೆ. ಖಾರಪುಡಿಗೆ ಇದು ದೊಡ್ಡ ನಷ್ಟವಲ್ಲ. ಆಸ್ಪತ್ರೆಗೆ, ಠೇವಣಿ ಇಡಿಸಿಕೊಳ್ಳುವ ಸೊಸೈಟಿಗೆ, ಮಕ್ಕಳ ಭವಿಷ್ಯದ ಹೆಸರಲ್ಲಿ ಫೀಸು ಕೇಳುವ ಕೋಚಿಂಗ್‌ಗೆ ನಂಬಿಕೆಯೇ ಬಂಡವಾಳ. ಅವರು ರೀಲ್ಸ್‌ನಲ್ಲಿ ಎಷ್ಟು ನಗಿಸಬೇಕು ಎಂದು ಎರಡು ಸಲ ಯೋಚಿಸಬೇಕು.

ಇನ್ನೊಂದು ಪಕ್ಷದ ವಾದ ಹೆಚ್ಚು ಕುತೂಹಲದ್ದು. 2009ರಲ್ಲಿ ನೆದರ್ಲೆಂಡ್ಸ್‌ನ ಮಡೆಲಿನ್ ಸ್ಟ್ರಿಕ್ ಮತ್ತು ಸಂಗಡಿಗರು ಒಂದು ನಕಲಿ ಪತ್ರಿಕೆ ಮಾಡಿದರು. ಅದರಲ್ಲಿ ಒಂದು ಸರಕಿನ ಚಿತ್ರವನ್ನು ಯಾವಾಗಲೂ ನಗೆಚಿತ್ರದ ಹತ್ತಿರ, ಇನ್ನೊಂದನ್ನು ನಗು ತರಿಸದ ಚಿತ್ರದ ಹತ್ತಿರ ಇಟ್ಟರು. ಆಮೇಲೆ ಪರೀಕ್ಷಿಸಿದಾಗ ನಗೆಯ ಪಕ್ಕದ ಸರಕನ್ನು ಜನ ಕಡಿಮೆ ಗುರುತಿಸಿದರು. ಆದರೂ ಆಯ್ಕೆ ಮಾಡಲು ಹೇಳಿದಾಗ ಅದರ ಕಡೆಗೇ ವಾಲಿದರು. ನೆನಪಿಗೆ ಬರಲಿಲ್ಲ, ಒಲವು ಮಾತ್ರ ಅಂಟಿಕೊಂಡಿತ್ತು.

ಹಾಗಾದರೆ ಹೆಸರು ಮರೆತರೆ ಚಿಂತೆಯಿಲ್ಲವೇ? ಗಿರಾಕಿ ಸರಕನ್ನು ಹೇಗೆ ಮುಟ್ಟುತ್ತಾನೆ ಎಂಬುದರ ಮೇಲೆ ಉತ್ತರ ನಿಂತಿದೆ. ಸೂಪರ್ ಮಾರ್ಕೆಟ್ಟಿನಲ್ಲಿ ಹತ್ತು ಬಗೆಯ ಬಿಸ್ಕತ್ತು ಕಣ್ಣೆದುರೇ ಇರುತ್ತವೆ. ಅಲ್ಲಿ ಹೆಸರು ನೆನಪಿರಬೇಕಿಲ್ಲ, ಕಂಡಾಗ ಒಲವು ಹುಟ್ಟಿದರೆ ಸಾಕು, ಕೈ ಅತ್ತ ಹೋಗುತ್ತದೆ. ದುರ್ಗದಬೈಲ್‌ನ ಒಂದು ಅಂಗಡಿ ಹಾಗೆ ಕಪಾಟಿನಲ್ಲಿ ಕೂತಿರುವುದಿಲ್ಲ. ಗದಗದಿಂದ ಜವಳಿ ತೆಗೆಯಲು ಬರುವ ಮನೆಯವರು ಹೊರಡುವ ಮೊದಲೇ ಯಾವ ಅಂಗಡಿಗೆ ಹೋಗೋಣ ಎಂದು ಮಾತಾಡಿಕೊಳ್ಳುತ್ತಾರೆ. ಆ ಮಾತಿನಲ್ಲಿ ಹೆಸರು ಬರದಿದ್ದರೆ ಒಲವಿದ್ದರೂ ಪ್ರಯೋಜನ ಇಲ್ಲ. ಸಣ್ಣ ಊರಿನ ವ್ಯಾಪಾರಕ್ಕೆ ಹೆಸರಿನ ನೆನಪೇ ಮುಖ್ಯ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

2021ರ ಐಪಿಎಲ್ ಹೊತ್ತಿಗೆ ಬಂದ ಕ್ರೆಡ್ ಜಾಹೀರಾತು ಇಲ್ಲಿ ನೆನಪಾಗುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಟ್ಟಿಗೆದ್ದು, ತಾನು ಇಂದಿರಾನಗರದ ಗೂಂಡಾ ಎಂದು ಕಿರುಚುವ ರಾಹುಲ್ ದ್ರಾವಿಡ್. ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದರೆ ಬಹುಮಾನ ಸಿಗುತ್ತದೆ ಎಂದರೆ ನಂಬಲಾಗುವುದಿಲ್ಲ, ದ್ರಾವಿಡ್‌ಗೆ ಸಿಟ್ಟು ಬರುತ್ತದೆ ಎಂದ ಹಾಗೆ, ಎಂಬುದು ಅದರ ಜೋಡಣೆ. ಆ ಸಾಲು ಕರ್ನಾಟಕದಲ್ಲಿ ಇಂದಿಗೂ ಓಡುತ್ತದೆ. ಆದರೆ ಅದನ್ನು ಹೇಳುವ ಎಷ್ಟೋ ಜನರಿಗೆ ಆ ಕಂಪನಿ ಮಾಡುವ ಕೆಲಸ ಏನು ಎಂದು ಗೊತ್ತಿಲ್ಲ. ಕಂಪನಿಗೆ ಬೇಕಿದ್ದದ್ದು ಕ್ರೆಡಿಟ್ ಕಾರ್ಡ್ ಇದ್ದವರು ಮಾತ್ರ, ಆಪ್ ಡೌನ್‌ಲೋಡ್ ಮಾಡಲು ಹೆಸರು ಸಿಕ್ಕರೆ ಅವರಿಗೆ ಸಾಕಿತ್ತು. ದೇಶವೆಲ್ಲ ಮಾತಾಡುವಂತೆ ಮಾಡಲು ಅಂಥವರ ಕೈಯಲ್ಲಿ ದುಡ್ಡಿರುತ್ತದೆ. ಆ ಲೆಕ್ಕ ಒಂದು ಊರಿನ ಅಂಗಡಿಗೆ ಹೊಂದುವುದಿಲ್ಲ.

ನಗೆ ಯಾರನ್ನು ನುಂಗಿತು ಎಂದು ತಿಳಿಯುವುದು ಹೇಗೆ

ಎಷ್ಟು ಜನ ನೋಡಿದರು ಎಂಬ ಅಂಕಿ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅದು ಹೇಳುವುದು ನಗೆ ಗೆದ್ದಿತೇ ಎಂಬುದನ್ನು ಮಾತ್ರ. ಹೆಸರಿನ ಕಥೆ ಬೇರೆ ಕೇಳಬೇಕು, ಅದಕ್ಕೆ ದೊಡ್ಡ ಕಂಪನಿಯೇ ಬೇಕೆಂದಿಲ್ಲ.

ರೀಲ್ಸ್ ಹೊರಗೆ ಬಿಡುವ ಮೊದಲು, ಸಂಬಂಧಿಕರಲ್ಲದ ಇಪ್ಪತ್ತು ಜನರಿಗೆ ಆರು ವೀಡಿಯೊ ತೋರಿಸಿ. ನಿಮ್ಮದು ಮೂರನೆಯದೋ ನಾಲ್ಕನೆಯದೋ ಇರಲಿ, ಕೊನೆಯದು ಬೇಡ. ಕೊನೆಗೆ ಬಂತು ಎಂಬ ಕಾರಣಕ್ಕೇ ಅದು ನೆನಪಿರಬಹುದು. ಯಾವುದು ನಿಮ್ಮದು ಎಂದು ಹೇಳಬೇಡಿ. ಮರುದಿನ ಫೋನ್ ಮಾಡಿ, ಇದೇ ಕ್ರಮದಲ್ಲಿ ಕೇಳಿ: ನಿನ್ನೆ ನೋಡಿದ್ದರಲ್ಲಿ ಯಾವುದು ನೆನಪಿದೆ, ಕಥೆ ಹೇಳಿ. ಅದು ಯಾರ ಜಾಹೀರಾತು? ಅವರು ತಮ್ಮ ಸರಕಿನ ಬಗ್ಗೆ ಏನು ಹೇಳಿದರು? ಮೂರೂ ಉತ್ತರ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಹೆಸರಿನ ಸುಳಿವು ಮಾತ್ರ ಕೊಡಬೇಡಿ, ಕೊಟ್ಟರೆ ಎಲ್ಲರೂ ಹೌದು ಹೌದು ಎನ್ನುತ್ತಾರೆ.

ಹದಿನೈದು ಜನ ಕಥೆ ಹೇಳಿ, ನಾಲ್ಕೇ ಜನ ಹೆಸರು ಹೇಳಿದರೆ ನಗೆ ಹೆಸರನ್ನು ನುಂಗಿದೆ. ಹನ್ನೆರಡು ಜನ ಹೆಸರು ಹೇಳಿ, ಇಬ್ಬರೇ ಗುಣ ಹೇಳಿದರೆ ಹೆಸರು ಉಳಿದಿದೆ, ಆದರೆ ಹೇಳಬೇಕಾದ ಮಾತು ಬಿದ್ದುಹೋಗಿದೆ. ತಪ್ಪು ಹೆಸರು ಹೇಳಿದವರನ್ನು ಬಿಡಬೇಡಿ, ಯಾರ ಹೆಸರು ಹೇಳಿದರು ಎಂದು ಬರೆದುಕೊಳ್ಳಿ. ಮೂರ್ನಾಲ್ಕು ಜನ ಒಂದೇ ಎದುರಾಳಿಯ ಹೆಸರು ಹೇಳಿದರೆ ನಿಮ್ಮ ಮೊಲ ಈಗಾಗಲೇ ಇನ್ನೊಬ್ಬರ ಮನೆಯಲ್ಲಿದೆ. ಇಪ್ಪತ್ತು ಜನರ ಲೆಕ್ಕದಲ್ಲಿ ದೊಡ್ಡ ಅಂತರ ಮಾತ್ರ ನಂಬಬಹುದು. ಹನ್ನೊಂದಕ್ಕೂ ಹದಿಮೂರಕ್ಕೂ ವ್ಯತ್ಯಾಸ ಇದೆ ಎಂದು ತೀರ್ಮಾನ ಮಾಡಬಾರದು.

ಮುಂದೆ ಏನಾಗಬಹುದು

ನಗೆಯ ಬೆಲೆ ಕಡಿಮೆಯಾಗುವ ಲಕ್ಷಣ ಇಲ್ಲ. ಕಾನ್ ಲಯನ್ಸ್ ಜಾಹೀರಾತು ಉತ್ಸವ 2024ರಲ್ಲಿ ಹಾಸ್ಯಕ್ಕೆಂದೇ ಪ್ರಶಸ್ತಿ ವಿಭಾಗ ಸೇರಿಸಿತು. ನಮ್ಮ ಕಡೆಯೂ ಹಾಸ್ಯದ ರೀಲ್ಸ್ ಇನ್ನಷ್ಟು ಹೆಚ್ಚುತ್ತವೆ. ಆಗ ಶ್ಮಿಟ್ ಅವರ ಷರತ್ತು ಕೆಲಸಕ್ಕೆ ಬರುತ್ತದೆ: ಪಟ್ಟಿಯಲ್ಲಿ ಎಲ್ಲವೂ ತಮಾಷೆಯೇ ಆದರೆ ಯಾವ ಒಂದು ತಮಾಷೆಗೂ ವಿಶೇಷ ಲಾಭ ಇರುವುದಿಲ್ಲ. ಬರೀ ನಗಿಸಿದರೆ ನೆನಪಿರುತ್ತಾರೆ ಎಂಬ ಕಾಲ ಮುಗಿಯುತ್ತಾ ಬಂದಿದೆ. ಇನ್ನು ಸರಕಿನ ಜೊತೆಗಿನ ಕೊಂಡಿಯೇ ವ್ಯತ್ಯಾಸ ತರಬೇಕು.

ಹುಬ್ಬಳ್ಳಿ-ಧಾರವಾಡದಂಥ ಕಡೆ ಇದಕ್ಕಿಂತ ತುರ್ತಿನ ತೊಂದರೆ ಇನ್ನೊಂದಿದೆ. ಒಬ್ಬನೇ ಹಾಸ್ಯಗಾರ, ಒಂದೇ ಪಾತ್ರ, ಅದೇ ಲುಂಗಿ, ಅದೇ ಬೈಗುಳದ ಧಾಟಿ. ಸೋಮವಾರ ಸೀರೆ ಅಂಗಡಿ, ಗುರುವಾರ ಬೈಕ್ ಶೋರೂಮ್, ಮುಂದಿನ ವಾರ ಕೋಚಿಂಗ್ ಕ್ಲಾಸ್. ಪ್ರತಿ ರೀಲ್ಸ್‌ನಲ್ಲೂ ಗಟ್ಟಿಯಾಗುವುದು ಆ ಮುಖದ ನೆನಪು. ಅಂಗಡಿಗಳು ಬಂದು ಹೋಗುವ ಸಾದಾ ವಾಕ್ಯಗಳು. ಮೂರೂ ಅಂಗಡಿಯವರು ದುಡ್ಡು ಕೊಟ್ಟು ಬೆಳೆಸಿದ್ದು ಒಂದೇ ಬ್ರ್ಯಾಂಡನ್ನು, ಅದು ಆ ಹಾಸ್ಯಗಾರನದ್ದು. ಅವನದೇನೂ ತಪ್ಪಿಲ್ಲ. ಅವನು ತನ್ನ ಕೆಲಸ ಚೆನ್ನಾಗಿಯೇ ಮಾಡಿದ್ದಾನೆ.

ಇದಕ್ಕೆ ದಾರಿ ವೀಡಿಯೊದಲ್ಲಿಲ್ಲ, ವ್ಯವಹಾರದ ಮಾತಿನಲ್ಲಿದೆ. ಒಂದೊಂದು ರೀಲ್ಸ್‌ಗೆ ಇಷ್ಟು ಎಂದು ದುಡ್ಡು ಕೊಡುವ ಬದಲು, ಆರು ತಿಂಗಳು ಒಂದು ಪಾತ್ರವನ್ನೇ ಅಂಗಡಿಗೆ ಮೀಸಲಿಡುವಂತೆ ಮಾತಾಡಿಕೊಳ್ಳಬಹುದು. ಆ ಪಾತ್ರದ ಹೆಸರು, ಉಡುಪು, ಧಾಟಿ ಬೇರೆ ಯಾವ ಅಂಗಡಿಯ ರೀಲ್ಸ್‌ನಲ್ಲೂ ಬರಬಾರದು. ಅದೇ ಧಂದೆಯ ಎದುರಾಳಿಗೆ ಅಷ್ಟು ದಿನ ಕೆಲಸ ಮಾಡಬಾರದು. ಹಾಸ್ಯಗಾರನಿಗೆ ಬೇರೆ ಕಡೆಯ ಗಳಿಕೆ ತಪ್ಪುವುದರಿಂದ ಆ ನಷ್ಟವನ್ನೂ ಲೆಕ್ಕಕ್ಕೆ ಹಿಡಿದು ಕೊಡಬೇಕಾಗುತ್ತದೆ. ಖರ್ಚು ಜಾಸ್ತಿ ಅನ್ನಿಸಬಹುದು. ಆದರೆ ಹೆಸರು ಉಳಿಯದ ಹತ್ತು ರೀಲ್ಸ್‌ನ ಖರ್ಚನ್ನೂ ಪಕ್ಕದಲ್ಲಿಟ್ಟು ನೋಡಿಯೇ ಅಂಗಡಿಯವರು ಒಪ್ಪಂದಕ್ಕೆ ಕೂರಲಿ.